ಗುಂಪಿನ ಕೆಲಸದಲ್ಲಿ ತನ್ನ ಪಾಲು

ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳ ಬರೆವಣಿಗೆಯ ಪರೀಕ್ಷೆಯನ್ನೂ ತಾಂತ್ರಿಕ ಸುತ್ತನ್ನೂ ದಾಟಿ ನಿಂತ ವಿದ್ಯಾರ್ಥಿಯ ಮುಂದೆ, ಕಡೆಯ ಸುತ್ತಿನಲ್ಲಿ, ಪಠ್ಯಪುಸ್ತಕದ ಯಾವ ಅಧ್ಯಾಯದಲ್ಲಿಯೂ ಉತ್ತರ ದೊರೆಯದ ಒಂದು ಜಾತಿಯ ಪ್ರಶ್ನೆಗಳು ಬಂದು ನಿಲ್ಲುತ್ತವೆ. "ನಿಮ್ಮ ಗುಂಪಿನಲ್ಲಿ ಭಿನ್ನಾಭಿಪ್ರಾಯ ಉಂಟಾದ ಒಂದು ಸಂದರ್ಭವನ್ನು ಹೇಳಿ", "ಕೆಲಸ ಗಡುವಿನೊಳಗೆ ಮುಗಿಯಲಾರದೆಂದು ತಿಳಿದಾಗ ನೀವೇನು ಮಾಡಿದಿರಿ?", "ನೀವು ಕೈಹಾಕಿ ಕೆಟ್ಟುಹೋದ ಒಂದು ಕೆಲಸವನ್ನು ವಿವರಿಸಿ". ಅಭ್ಯರ್ಥಿಯ ಹಿಂದಿನ ವರ್ತನೆಯನ್ನು ಕೇಳಿ ತಿಳಿಯುವ ಈ ಸಂದರ್ಶನಕ್ಕೆ ವರ್ತನಾ ಸಂದರ್ಶನವೆಂದು ಹೆಸರು. ಎಲ್ಲಿಯೂ ಉದ್ಯೋಗದಲ್ಲಿದ್ದವನಲ್ಲದ, ಒಂದು ಪ್ರಾಜೆಕ್ಟು, ಎರಡು ಸೆಮಿನಾರು, ಒಂದು ಎನ್.ಎಸ್.ಎಸ್. ಶಿಬಿರ, ಇಷ್ಟನ್ನೇ ತನ್ನ ಅನುಭವವೆಂದು ಹೇಳಿಕೊಳ್ಳಬಲ್ಲ ಹುಡುಗ ಈ ಪ್ರಶ್ನೆಗಳನ್ನು ಕೇಳಿದೊಡನೆ, ತನ್ನಲ್ಲಿ ಹೇಳತಕ್ಕ ದೊಡ್ಡ ಸಂಗತಿಯೊಂದೂ ಇಲ್ಲವಲ್ಲಾ ಎಂದು ಕುಗ್ಗುತ್ತಾನೆ. ಅವನ ಕುಗ್ಗುವಿಕೆಗೆ ಕಾರಣವಿಲ್ಲ. ಆದರೆ ಅವನ ಉತ್ತರ ಬಹುತೇಕ ಸೋಲುವುದುಂಟು, ಮತ್ತು ಅದು ಸೋಲುವುದು ಅವನು ಅಂದುಕೊಂಡಿರುವ ಕಾರಣದಿಂದಲ್ಲ.

ಈ ಪದ್ಧತಿಯ ಮೂಲವನ್ನು ಸ್ವಲ್ಪ ತಿಳಿದುಕೊಂಡರೆ ಆ ಕಾರಣ ಸ್ಪಷ್ಟವಾದೀತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ವಿಮಾನದಳಕ್ಕಾಗಿ ಮನಶ್ಶಾಸ್ತ್ರದ ಶೋಧನೆಗಳನ್ನು ನಡೆಸಿದ ಜಾನ್ ಫ್ಲ್ಯಾನಗನ್ ಎಂಬ ವಿದ್ವಾಂಸರು, ಒಬ್ಬ ಮನುಷ್ಯ ಒಂದು ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂಬುದನ್ನು ಅವನನ್ನು ಕುರಿತ ಸಾಮಾನ್ಯ ಅಭಿಪ್ರಾಯಗಳಿಂದ ನಿರ್ಧರಿಸುವುದಕ್ಕಿಂತ, ಆ ಕೆಲಸ ಚೆನ್ನಾಗಿ ನಡೆದ ಅಥವಾ ಕೆಟ್ಟ ನಿರ್ದಿಷ್ಟ ಘಟನೆಗಳನ್ನು ಕಲೆಹಾಕಿ, ಆ ಘಟನೆಯಲ್ಲಿ ಆತ ಮಾಡಿದ್ದೇನು ಎಂಬುದನ್ನು ನೋಡುವುದೇ ಮೇಲೆಂಬ ವಿಧಾನವನ್ನು 1954ರಲ್ಲಿ ಒಂದು ಪ್ರಬಂಧದಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. 1982ರಲ್ಲಿ ಟಾಮ್ ಜಾನ್ಸ್ ಎಂಬವರು ಈ ಬಗೆಯ ಘಟನೆಗಳನ್ನು ಕ್ರಮವಾಗಿ ಕೇಳುವ ಸಂದರ್ಶನವನ್ನು, ಮಾತು ಹೋದತ್ತ ಹೋಗುವ ವಾಡಿಕೆಯ ಸಂದರ್ಶನದೊಡನೆ ಹೋಲಿಸಿ, ಮುಂದಿನ ಕೆಲಸದ ಗುಣವನ್ನು ಊಹಿಸುವುದರಲ್ಲಿ ಮೊದಲನೆಯದೇ ಹೆಚ್ಚು ಸಮರ್ಥವೆಂದು ತೋರಿಸಿದರು. "ನೀವು ಶ್ರಮಜೀವಿಗಳೆ?" ಎಂದು ಕೇಳಿದರೆ ಹೌದೆನ್ನದವರು ಯಾರು? ಆದುದರಿಂದ ಸಂದರ್ಶಕರು ಗುಣವನ್ನು ಕೇಳದೆ ಘಟನೆಯನ್ನು ಕೇಳುತ್ತಾರೆ. ಅವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಅದರಲ್ಲಿ ಹೊಂದಾಣಿಕೆ, ಹೊಣೆಗಾರಿಕೆ, ಸಮಸ್ಯೆಯನ್ನು ಬಿಡಿಸುವ ಶಕ್ತಿ, ಕಲಿಯುವ ಮನಸ್ಸು ಎಂಬಂತಹ ನಾಲ್ಕೈದು ಗುಣಗಳ ಹೆಸರುಗಳಿದ್ದು, ಒಂದೊಂದರ ಕೆಳಗೂ ಅಭ್ಯರ್ಥಿ ಹೇಳಿದ ಘಟನೆಯ ಸಾರಾಂಶವನ್ನು ಬರೆದು, ಅದಕ್ಕೊಂದು ಅಂಕವನ್ನು ಕೊಡಬೇಕಾಗಿರುತ್ತದೆ. ಪರಿಸ್ಥಿತಿ ಏನಿತ್ತು, ಅದರಲ್ಲಿ ಈತನ ಮೇಲೆ ಬಿದ್ದ ಹೊಣೆ ಯಾವುದು, ಈತ ಏನು ಮಾಡಿದ, ಅದರಿಂದ ಏನಾಯಿತು ಎಂಬ ನಾಲ್ಕು ಭಾಗಗಳನ್ನು ಪ್ಲೇಸ್‌ಮೆಂಟ್ ತರಬೇತಿಗಳಲ್ಲಿ 'ಸ್ಟಾರ್' ಎಂಬ ಹೆಸರಿನಿಂದ ಹೇಳಿಕೊಡುತ್ತಾರಷ್ಟೆ. ಅದು ಆ ಹಾಳೆಯ ಖಾನೆಗಳನ್ನು ತುಂಬುವುದಕ್ಕೆ ಬೇಕಾದ ಸಾಮಗ್ರಿಯೇ ಹೊರತು ಬೇರೆಯಲ್ಲ.

ಈಗ ಕಾಲೇಜಿನ ಉದಾಹರಣೆಯ ದೋಷವೇನೆಂಬುದನ್ನು ನೋಡಬಹುದು. ಹೊಸದಾಗಿ ಪದವಿ ಪಡೆಯುವವನಲ್ಲಿ ಕಾರ್ಖಾನೆ ನಡೆಸಿದ ಅನುಭವವಿರುವುದಿಲ್ಲವೆಂಬುದು ಸಂದರ್ಶಕರಿಗೆ ಗೊತ್ತಿರುವುದರಿಂದ ಘಟನೆಯ ಸಣ್ಣತನ ಅವರಿಗೆ ಅಡ್ಡಿಯಲ್ಲ. ಅಡ್ಡಿಯಾಗುವುದು, ಘಟನೆಯೊಳಗೆ ಹೇಳುವವನೇ ಕಾಣದಿರುವುದು. ಕಾಲೇಜಿನ ಕೆಲಸ ಗುಂಪಿನಲ್ಲಿ ನಡೆಯುತ್ತದೆ, ಗುಂಪಿಗೆಂದೇ ಅಂಕ ಬರುತ್ತದೆ, ವರದಿಯಲ್ಲಿ ನಾಲ್ಕು ಹೆಸರುಗಳು ಒಟ್ಟಿಗೆ ಅಚ್ಚಾಗುತ್ತವೆ. ಹೀಗಾಗಿ ವಿದ್ಯಾರ್ಥಿಯ ನೆನಪಿನಲ್ಲಿಯೂ ಆ ಕೆಲಸ ಒಟ್ಟಿಗೇ ಉಳಿದಿರುತ್ತದೆ. ತಾನು ಮಾಡಿದ್ದನ್ನು ಎತ್ತಿ ಹೇಳುವುದು ಅವಿನಯವೆಂಬ ನಮ್ಮ ಮನೆಗಳ ಶಿಕ್ಷಣವೂ ಅದಕ್ಕೆ ಸೇರಿಕೊಳ್ಳುತ್ತದೆ. ಪರಿಣಾಮವಾಗಿ, ಕೆಲಸದ ಬಹುಭಾಗವನ್ನು ತಾನೇ ಹೊತ್ತವನೂ, ಹೆಸರಿಗೆ ಮಾತ್ರ ಗುಂಪಿನಲ್ಲಿದ್ದವನೂ ಒಂದೇ ಬಗೆಯ ಉತ್ತರವನ್ನು ಕೊಡುತ್ತಾರೆ. ಇಬ್ಬರ ಹಾಳೆಯ ಮೇಲೂ ಬರೆಯುವುದಕ್ಕೆ ಏನೂ ಸಿಕ್ಕುವುದಿಲ್ಲ. ಆದ್ದರಿಂದ ಈ ಸಂದರ್ಶನಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆಯೆಲ್ಲವೂ, ಗುಂಪು ಮಾಡಿದ ಕೆಲಸದೊಳಗಿನಿಂದ ತನ್ನ ಪಾಲನ್ನು ಸತ್ಯಕ್ಕೆ ಲೋಪ ಬಾರದಂತೆ ಬಿಡಿಸಿಕೊಳ್ಳುವುದರಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಇದನ್ನು ಒಂದು ನಿದರ್ಶನದಿಂದ ವಿವರಿಸುತ್ತೇನೆ. ಎಲೆಕ್ಟ್ರಾನಿಕ್ಸ್ ವಿಭಾಗದ ಕೊನೆಯ ವರ್ಷದಲ್ಲಿದ್ದ, ದಾವಣಗೆರೆಯ ಕಡೆಯ ಒಬ್ಬ ವಿದ್ಯಾರ್ಥಿನಿ, ಸಂದರ್ಶನಕ್ಕೆ ಮುಂಚೆ ತನ್ನ ಉತ್ತರವನ್ನು ನನ್ನೆದುರು ಹೀಗೆ ಒಪ್ಪಿಸಿದಳು: "ಅಡಿಕೆ ತೋಟಕ್ಕೆ ತಾನಾಗೇ ನೀರು ಬಿಡೋ ಪ್ರಾಜೆಕ್ಟ್ ಮಾಡಿದ್ವಿ ಸರ್. ನಾಲ್ಕು ಜನ ಇದ್ವಿ. ಮಧ್ಯದಲ್ಲಿ ಸೆನ್ಸರ್ ಪ್ರಾಬ್ಲಂ ಬಂತು. ಎಲ್ಲರೂ ಸೇರಿ ಸರಿಮಾಡಿದ್ವಿ. ಡೆಮೊ ಚೆನ್ನಾಗಾಯ್ತು, ಗೈಡ್ ಕೂಡ ಖುಷಿಪಟ್ರು."

"ಸರಿ ಮಾಡಿದ್ದು ಹೇಗಮ್ಮ?" ಎಂದೆ.

"ಎಲ್ಲರೂ ಕೂತು ಡಿಸ್ಕಸ್ ಮಾಡಿದ್ವಿ ಸರ್."

"ಆವತ್ತು ನೀನು ಏನು ಮಾಡಿದೆ?"

ಅವಳು ಸುಮ್ಮನಾದಳು. ಅವಳಿಗೆ ಹೇಳಲು ಮನಸ್ಸಿಲ್ಲದೆ ಅಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಆರು ತಿಂಗಳ ಹಿಂದಿನ ಒಂದು ಸಂಜೆ ಲ್ಯಾಬಿನಲ್ಲಿ ಯಾರು ಯಾವ ಮಾತನ್ನು ಮೊದಲು ಆಡಿದರೆಂಬುದು ಯಾರಿಗೆ ತಾನೆ ನೆನಪಿರುತ್ತದೆ? ಇಂತಹ ಸ್ಥಿತಿಯಲ್ಲಿ ಕುಳಿತು ಯೋಚಿಸಿದರೆ ಕಲ್ಪನೆ ಹುಟ್ಟುತ್ತದೆಯೇ ಹೊರತು ನೆನಪು ಹುಟ್ಟುವುದಿಲ್ಲವಾದ್ದರಿಂದ, ಮೊದಲು ಹುಡುಕಬೇಕಾದದ್ದು ದಾಖಲೆಗಳನ್ನು. ಗುಂಪಿನ ವಾಟ್ಸಾಪ್ ಸಂದೇಶಗಳು, ಫೋನಿನಲ್ಲಿ ದಿನಾಂಕದೊಡನೆ ಉಳಿದಿರುವ ಚಿತ್ರಗಳು, ಲ್ಯಾಬ್ ನೋಟ್‌ಬುಕ್, ಮತ್ತೆ ಮತ್ತೆ ತಿದ್ದಿ ಬೇರೆ ಬೇರೆ ಹೆಸರಿನಲ್ಲಿ ಉಳಿಸಿದ ಪ್ರೋಗ್ರಾಮಿನ ಕಡತಗಳು, ಗೈಡಿಗೆ ಕಳಿಸಿದ ಈಮೇಲುಗಳು, ಬಿಡಿಭಾಗಗಳನ್ನು ಕೊಂಡ ಅಂಗಡಿಯ ಬಿಲ್ಲು, ಇವೆಲ್ಲವೂ ವಿದ್ಯಾರ್ಥಿಯ ಬಳಿ ಇದ್ದೇ ಇರುತ್ತವೆ, ಆದರೆ ಸಂದರ್ಶನದ ಸಿದ್ಧತೆಗೆಂದು ಅವನ್ನು ತೆರೆದು ನೋಡುವವರು ವಿರಳ. ನಾನು ಅವಳಿಗೆ ಆ ಪ್ರಾಜೆಕ್ಟಿನ ವಾಟ್ಸಾಪ್ ಗುಂಪನ್ನು ಮೊದಲಿನಿಂದ ಓದಿಕೊಂಡು ಬರುವಂತೆಯೂ, ತಾನು ಏನನ್ನಾದರೂ ಮೊದಲು ಗಮನಿಸಿದ, ಬೇಡವೆಂದ, ಒಪ್ಪಿಸಿದ, ಅಥವಾ ತನ್ನ ಮೇಲೆ ಹಾಕಿಕೊಂಡ ಸಂದೇಶಗಳನ್ನು ಮಾತ್ರ ಗುರುತು ಮಾಡುವಂತೆಯೂ ಹೇಳಿದೆ.

ಮಾರನೆಯ ದಿನ ಅವಳು ತಂದ ಕಥೆ ಬೇರೆಯಾಗಿತ್ತು. ಮಣ್ಣಿನ ತೇವವನ್ನು ಅಳೆಯಲು ಅವರು ಉಪಯೋಗಿಸಿದ್ದು ಎರಡು ಲೋಹದ ಕಾಲುಗಳನ್ನು ಮಣ್ಣಿಗೆ ಚುಚ್ಚಿ, ಅವುಗಳ ನಡುವೆ ವಿದ್ಯುತ್ತಿಗೆ ಇರುವ ತಡೆಯನ್ನು ನೋಡುವ ಅಗ್ಗದ ಸೆನ್ಸರು. ಅರ್ಡುಯಿನೊ ಉನೊ ಬೋರ್ಡು ಆ ತಡೆಗೆ ತಕ್ಕಂತೆ ಬದಲಾಗುವ ವೋಲ್ಟೇಜನ್ನು 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಓದುತ್ತದೆ. ಅವರ ಜೋಡಣೆಯಲ್ಲಿ ಮಣ್ಣು ಒಣಗಿದಷ್ಟೂ ಸಂಖ್ಯೆ ಏರುತ್ತಿತ್ತು, 500ನ್ನು ದಾಟಿದರೆ ನೀರಿನ ವಾಲ್ವ್ ತೆರೆಯುವಂತೆ ಪ್ರೋಗ್ರಾಂ ಬರೆದಿದ್ದರು. ಡೆಮೊಗೆ ಎರಡು ವಾರ ಉಳಿದಿರುವಾಗ, ಕುಂಡ ಕೆಸರಾಗುವಷ್ಟು ನೀರು ನಿಂತಿದ್ದರೂ ವಾಲ್ವ್ ಮುಚ್ಚದಿದ್ದುದನ್ನು ಕಂಡು ಗುಂಪಿನಲ್ಲಿ ಗಾಬರಿಯಾಯಿತು. ಒಬ್ಬ ಗೆಳೆಯ, 500ರ ಬದಲು 650 ಎಂದು ಮಾಡಿದರೆ ಸಾಕೆಂದ, ಉಳಿದಿಬ್ಬರು ಒಪ್ಪಿದರು. ಇವಳು ಮಾತ್ರ, ಹಿಂದಿನ ಮೂರು ದಿನ ತಾನು ತೆಗೆದಿದ್ದ ಓದುಗಳನ್ನು ಗುಂಪಿಗೆ ಕಳಿಸಿ, ಅದೇ ಕುಂಡ, ಅಷ್ಟೇ ನೀರು, ಆದರೂ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದೆ, ಇಂದು 650 ಎಂದು ಮಾಡಿದರೆ ನಾಲ್ಕು ದಿನದಲ್ಲಿ ಅದನ್ನೂ ದಾಟುತ್ತದೆ ಎಂದು ಬರೆದಿದ್ದಳು. ಆಮೇಲೆ ಸೆನ್ಸರನ್ನು ಮಣ್ಣಿನಿಂದ ಕಿತ್ತು ನೋಡಿದಾಗ ಅದರ ಒಂದು ಕಾಲಿನ ತಾಮ್ರದ ಲೇಪ ತಿಂದುಹೋಗಿ ಕಪ್ಪಾಗಿತ್ತು. ಆ ಚಿತ್ರವೂ ಫೋನಿನಲ್ಲಿ ಇತ್ತು. ಒದ್ದೆ ಮಣ್ಣಿನಲ್ಲಿ ನೆಟ್ಟ ಲೋಹಕ್ಕೆ ಒಂದೇ ದಿಕ್ಕಿನ ವಿದ್ಯುತ್ತನ್ನು ಎಡೆಬಿಡದೆ ಹರಿಸುತ್ತಿದ್ದರೆ ವಿದ್ಯುದ್ವಿಶ್ಲೇಷಣೆಯಿಂದ ಒಂದು ಕಾಲು ಸವೆಯುತ್ತದೆ, ಸವೆದಂತೆ ತಡೆ ಹೆಚ್ಚುತ್ತದೆ, ಹೆಚ್ಚಿದ ತಡೆಯನ್ನು ಯಂತ್ರ ಒಣಮಣ್ಣೆಂದು ತಿಳಿಯುತ್ತದೆ. ಸೆನ್ಸರಿಗೆ ಸದಾ ವಿದ್ಯುತ್ತು ಕೊಡುವುದನ್ನು ಬಿಟ್ಟು, ಅರ್ಧ ಗಂಟೆಗೊಮ್ಮೆ ಓದುವ ಕ್ಷಣದಲ್ಲಿ ಮಾತ್ರ ಕೊಟ್ಟರೆ ಈ ಸವೆತ ಬಹಳ ಮಟ್ಟಿಗೆ ತಗ್ಗುತ್ತದೆಂಬುದು ಅವಳ ಸಲಹೆ. ಬೋರ್ಡಿನ ಬೆಸುಗೆಯನ್ನು ಮತ್ತೆ ಬಿಚ್ಚಬೇಕಾಗುತ್ತದೆಂದು ಗೆಳೆಯ ಹಿಂಜರಿದಾಗ, ಅವಳು ವಾದವನ್ನು ಬೆಳೆಸದೆ, ಎರಡು ಹೊಸ ಸೆನ್ಸರುಗಳನ್ನು ತರಿಸಿ, ಎರಡು ಕುಂಡಗಳಲ್ಲಿ ಒಂದಕ್ಕೆ ಹಳೆಯ ರೀತಿ, ಇನ್ನೊಂದಕ್ಕೆ ಹೊಸ ರೀತಿ ಎಂದು ಐದು ದಿನ ಬೆಳಗ್ಗೆ ಸಂಜೆ ಓದುಗಳನ್ನು ಬರೆದಿಟ್ಟಳು. ಹಳೆಯ ರೀತಿಯದು ಏರುತ್ತ ಹೋಯಿತು. ಹೊಸದು ಬಹುತೇಕ ಇದ್ದಲ್ಲಿಯೇ ನಿಂತಿತು. ಬೆಸುಗೆಯನ್ನು ಬಿಚ್ಚಿ ಹೊಸದಾಗಿ ಹಾಕಿದವನು ಆ ಗೆಳೆಯನೇ.

ಇಷ್ಟೆಲ್ಲವೂ "ಎಲ್ಲರೂ ಸೇರಿ ಸರಿಮಾಡಿದ್ವಿ" ಎಂಬ ಒಂದು ವಾಕ್ಯದೊಳಗೆ ಹೂತುಹೋಗಿತ್ತು. ಇದನ್ನು ಹೊರತೆಗೆದ ಮೇಲೆ ಅವಳ ಉತ್ತರ, ಒಂದೂವರೆ ನಿಮಿಷಕ್ಕೆ ಮೀರದಂತೆ, ಸುಮಾರು ಈ ರೂಪಕ್ಕೆ ಬಂದಿತು: "ನಾಲ್ವರ ಪ್ರಾಜೆಕ್ಟಿನಲ್ಲಿ ಸೆನ್ಸರಿನ ಓದುಗಳನ್ನು ನೋಡಿಕೊಳ್ಳುವುದು ನನ್ನ ಭಾಗವಾಗಿತ್ತು. ಡೆಮೊಗೆ ಎರಡು ವಾರ ಇರುವಾಗ ವಾಲ್ವ್ ಮುಚ್ಚದೆ ಕುಂಡ ತುಂಬಿ ಹರಿಯಿತು. ಪ್ರೋಗ್ರಾಮಿನ ಮಿತಿಯನ್ನು ಏರಿಸಿದರೆ ಸಾಕೆಂಬುದು ನನ್ನ ಸಹಪಾಠಿಯ ಅಭಿಪ್ರಾಯ. ಸಮಯ ಕಡಿಮೆಯಿದ್ದುದರಿಂದ ಅದು ಸಹಜವೂ ಆಗಿತ್ತು. ನನ್ನ ಓದುಗಳು ದಿನವೂ ಏರುತ್ತಿದ್ದುದನ್ನು ಕಂಡು ನಾನು ಸೆನ್ಸರನ್ನು ತೆಗೆದು ನೋಡಿದೆ. ಒಂದು ಕಾಲು ಸವೆದಿತ್ತು. ಓದುವಾಗ ಮಾತ್ರ ವಿದ್ಯುತ್ತು ಕೊಡೋಣವೆಂದೆ. ಒಮ್ಮತ ಬರಲಿಲ್ಲ. ಎರಡು ಕುಂಡಗಳಲ್ಲಿ ಎರಡು ರೀತಿಯನ್ನೂ ಐದು ದಿನ ಹೋಲಿಸಿ ಅಂಕಿಗಳನ್ನು ಅವರ ಮುಂದಿಟ್ಟೆ. ಆಮೇಲೆ ಆ ಸಹಪಾಠಿಯೇ ಸರ್ಕ್ಯೂಟನ್ನು ಬದಲಿಸಿಕೊಟ್ಟ. ಡೆಮೊದವರೆಗೆ ಆ ತೊಂದರೆ ಮತ್ತೆ ಬರಲಿಲ್ಲ. ಆದರೆ ನಾವು ಇದನ್ನು ಲ್ಯಾಬಿನ ಕುಂಡಗಳಲ್ಲಿ ಮಾತ್ರ ನೋಡಿದ್ದೇವೆ, ತೋಟದಲ್ಲಿ ನೋಡಿಲ್ಲ."

ಈ ಉತ್ತರದಲ್ಲಿ ಗಮನಿಸತಕ್ಕ ಅಂಶಗಳು ಎರಡು. ಪರಿಸ್ಥಿತಿಯ ವರ್ಣನೆ ಮೊದಲ ಎರಡು ಮೂರು ವಾಕ್ಯಗಳಲ್ಲಿಯೇ ಮುಗಿದು, ಉಳಿದುದರಲ್ಲಿ ಹೆಚ್ಚು ಭಾಗ ಅವಳು ಮಾಡಿದ ಕೆಲಸಕ್ಕೆ ಮೀಸಲಾಗಿದೆ. ಬಹುಮಂದಿ ವಿದ್ಯಾರ್ಥಿಗಳು ಇದಕ್ಕೆ ತಿರುಗುಮುರುಗಾಗಿ, ಪ್ರಾಜೆಕ್ಟಿನ ಉದ್ದೇಶ, ರೈತರ ಕಷ್ಟ, ನೀರಿನ ಅಭಾವ ಎಂದು ವರದಿಯ ಮೊದಲ ಅಧ್ಯಾಯವನ್ನೇ ಹೇಳಿ, ತಮ್ಮ ಪಾಲಿಗೆ ಬರುವ ಹೊತ್ತಿಗೆ ಸಂದರ್ಶಕರ ಗಮನವನ್ನು ಕಳೆದುಕೊಂಡಿರುತ್ತಾರೆ. ಎರಡನೆಯದಾಗಿ, ಫಲವನ್ನು ಹೇಳುವಾಗ ಅವಳು ಅಂಕಗಳನ್ನಾಗಲಿ ಗೈಡಿನ ಮೆಚ್ಚುಗೆಯನ್ನಾಗಲಿ ಮುಂದಿಡಲಿಲ್ಲ. ಅಂಕ ನಾಲ್ವರಿಗೂ ಬಂದದ್ದು. ಅದರಿಂದ ಒಬ್ಬಳ ಕೃತಿಯ ಬೆಲೆ ತಿಳಿಯುವುದಿಲ್ಲ. ಕುಂಡ ಮತ್ತೆ ತುಂಬಿ ಹರಿಯಲಿಲ್ಲವೆಂಬುದಾದರೋ ನೇರವಾಗಿ ಅವಳು ಮಾಡಿದ ಕೆಲಸದ ಫಲ. ಅದರ ಮಿತಿಯನ್ನು ತಾನೇ ಹೇಳಿದ್ದರಿಂದ ಆ ಫಲ ಇನ್ನಷ್ಟು ನಂಬಿಕೆಗೆ ಅರ್ಹವಾಯಿತು.

ಉತ್ತರ ಮುಗಿದೊಡನೆ ಸಂದರ್ಶಕರು ಕೇಳುವ ಮರುಪ್ರಶ್ನೆಗಳಿಗೆ ಸಿದ್ಧತೆಯಲ್ಲಿ ಸಾಮಾನ್ಯವಾಗಿ ಸ್ಥಾನವೇ ಇರುವುದಿಲ್ಲ. ನಿಜವಾದ ಪರೀಕ್ಷೆ ನಡೆಯುವುದಾದರೋ ಅಲ್ಲಿಯೇ. "ನಿಮ್ಮ ಗೆಳೆಯ ಏಕೆ ಒಪ್ಪಲಿಲ್ಲ?" "ಹೋಲಿಸಿ ನೋಡುವುದಕ್ಕೆ ಐದು ದಿನ ಬೇಕೆಂದಾಗ ಗೈಡಿಗೆ ತಿಳಿಸಿದಿರಾ?" "ಬೇರೆ ಬಗೆಯ ಸೆನ್ಸರನ್ನು ಕೊಳ್ಳಬಹುದಾಗಿತ್ತಲ್ಲ, ಏಕೆ ಕೊಳ್ಳಲಿಲ್ಲ?" "ಇನ್ನೊಮ್ಮೆ ಮಾಡುವುದಾದರೆ ಏನು ಬದಲಿಸುತ್ತೀರಿ?" ಘಟನೆಯನ್ನು ಸ್ವತಃ ಅನುಭವಿಸಿದವನಿಗೆ ಇವು ಕಷ್ಟದ ಪ್ರಶ್ನೆಗಳಲ್ಲ, ಬಾಯಿಪಾಠ ಮಾಡಿದವನಿಗೂ, ಸ್ನೇಹಿತನ ಘಟನೆಯನ್ನು ತನ್ನದೆಂದು ಹೇಳಿದವನಿಗೂ ಎರಡನೆಯ ಮರುಪ್ರಶ್ನೆಗೇ ಉತ್ತರ ಬತ್ತಿಹೋಗುತ್ತದೆ. ಒಂದೇ ಪ್ರಾಜೆಕ್ಟಿನ ಇಬ್ಬರು ಒಂದೇ ದಿನ ಅದೇ ಸಂದರ್ಶಕರ ಮುಂದೆ ಕೂರುವುದು ಕ್ಯಾಂಪಸ್ಸುಗಳಲ್ಲಿ ಆಗಬಹುದಾದ ಸಂಗತಿ; ಇಬ್ಬರೂ ಒಂದೇ ಕೆಲಸವನ್ನು ತಾವೇ ಮಾಡಿದ್ದೆಂದರೆ ಇಬ್ಬರ ಮಾತಿನ ಮೇಲೂ ಶಂಕೆ ಬರುತ್ತದೆ. ಆದುದರಿಂದ ತನ್ನ ಪಾಲನ್ನು ಬಿಡಿಸಿಕೊಳ್ಳುವಾಗ ಇತರರ ಪಾಲನ್ನೂ ಅಷ್ಟೇ ಸ್ಪಷ್ಟವಾಗಿ ಗುರುತು ಹಾಕಿಕೊಳ್ಳುವುದು ಅಗತ್ಯ. "ವಾಲ್ವಿನ ಸರ್ಕ್ಯೂಟ್ ನನ್ನ ಸಹಪಾಠಿಯದು, ಅದು ಹೇಗೆ ಕೆಲಸ ಮಾಡುತ್ತದೆಂಬಷ್ಟು ನನಗೆ ಗೊತ್ತು, ರಚಿಸಿದವಳು ನಾನಲ್ಲ" ಎಂದು ಹೇಳುವವಳ ಮಿಕ್ಕ ಮಾತುಗಳು ಹೆಚ್ಚು ತೂಕವನ್ನು ಪಡೆಯುತ್ತವೆ.

ಕಾಲೇಜಿನವರಿಗೆ ಬಹಳವಾಗಿ ಬರುವ ಇನ್ನೊಂದು ಪ್ರಶ್ನೆಯುಂಟು: ಗುಂಪಿನಲ್ಲಿ ಒಬ್ಬ ಕೆಲಸ ಮಾಡದಿದ್ದಾಗ ನೀವೇನು ಮಾಡಿದಿರಿ ಎಂಬುದು. ಹೆಚ್ಚು ಪಾಲು ವಿದ್ಯಾರ್ಥಿಗಳು, "ಅವನು ಮಾಡಲಿಲ್ಲ, ಅವನ ಭಾಗವನ್ನೂ ನಾನೇ ರಾತ್ರಿಯೆಲ್ಲ ಕೂತು ಮುಗಿಸಿದೆ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಇದು ತಮ್ಮ ಶ್ರಮಕ್ಕೆ ಸಾಕ್ಷಿಯೆಂದು ಅವರ ಭಾವನೆ. ಸಂದರ್ಶಕರ ಹಾಳೆಯ ಮೇಲಾದರೋ ಅದು ಬೇರೆಯಾಗಿ ಬೀಳುತ್ತದೆ: ಈತ ಸಹೋದ್ಯೋಗಿಯೊಡನೆ ನೇರವಾಗಿ ಮಾತಾಡಲಿಲ್ಲ, ತೊಂದರೆಯನ್ನು ಮೇಲಿನವರಿಂದ ಮರೆಮಾಡಿದ, ಮುಂದೆ ನಮ್ಮಲ್ಲಿಯೂ ಹೀಗೆಯೇ ಮಾಡಿಯಾನು. ಆ ಪ್ರಶ್ನೆ ತಿಳಿಯಬಯಸುವುದು, ಅವನು ಹಿಂದೆ ಬಿದ್ದದ್ದನ್ನು ನೀವು ಯಾವಾಗ ಗಮನಿಸಿದಿರಿ, ಅವನೊಬ್ಬನನ್ನೇ ಕರೆದು ಏನು ಹೇಳಿದಿರಿ, ಅವನ ಕಾರಣವನ್ನು ಕೇಳಿದಿರಾ, ಕೇಳಿದ ಮೇಲೆ ಕೆಲಸದ ಹಂಚಿಕೆಯಲ್ಲಿ ಏನು ಬದಲಾಯಿತು, ಗೈಡಿಗೆ ಯಾವ ಹಂತದಲ್ಲಿ ತಿಳಿಸಿದಿರಿ ಎಂಬುದನ್ನು.

ಮೇಲೆ ಹೇಳಿದ ಗುಂಪಿನಲ್ಲಿಯೇ ನಾಲ್ಕನೆಯವನು ಸಂಜೆಯ ಲ್ಯಾಬಿಗೆ ಬರುತ್ತಿರಲಿಲ್ಲ. ಅವನಿಗೆ ಆಸಕ್ತಿಯಿಲ್ಲವೆಂದು ಉಳಿದವರು ತೀರ್ಮಾನಿಸಿಬಿಟ್ಟಿದ್ದರು. ಇವಳು ಕೇಳಿದಾಗ ತಿಳಿದದ್ದು, ಅವನ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಸಂಜೆ ಆರಕ್ಕೇ ಹೊರಡುತ್ತದೆಂಬುದು. ಲ್ಯಾಬಿನಲ್ಲಿ ಕುಳಿತು ಮಾಡಬೇಕಾದ ಪರೀಕ್ಷೆಯ ಕೆಲಸವನ್ನು ಅವನಿಂದ ತೆಗೆದು, ಮನೆಯಲ್ಲಿಯೇ ಮಾಡಬಹುದಾದ ವರದಿಯ ಬರೆವಣಿಗೆಯನ್ನೂ ರೇಖಾಚಿತ್ರಗಳನ್ನೂ ಅವನಿಗೆ ಕೊಟ್ಟರು. ಮೂರು ಅಧ್ಯಾಯಗಳನ್ನು ಅವನು ಹೊತ್ತಿಗೆ ಸರಿಯಾಗಿ ಬರೆದುಕೊಟ್ಟ. ಇದು ಎಷ್ಟು ಸಣ್ಣ ಸಂಗತಿ! ಆದರೆ ಮನುಷ್ಯರೊಡನೆ ಕೂಡಿ ಕೆಲಸ ಮಾಡುವ ಶಕ್ತಿ ಇವಳಲ್ಲಿ ಇದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವನ್ನು ಸಂದರ್ಶಕರು ಯಾವ ದೊಡ್ಡ ಘಟನೆಯಿಂದ ಪಡೆದಾರು?

ಹಾಗಾದರೆ, ನಿಜವಾಗಿಯೂ ಮಾತಾಡದೆ, ಇನ್ನೊಬ್ಬನ ಕೆಲಸವನ್ನು ಮೌನವಾಗಿ ತಾನೇ ಮಾಡಿ ಮುಗಿಸಿದವನು ಏನು ಹೇಳಬೇಕು? ನಡೆದದ್ದನ್ನು ತಿದ್ದಿ ಹೇಳುವುದು ಸಲ್ಲದು. ಆದರೆ ಆ ಘಟನೆಯನ್ನು "ತಪ್ಪಿದ ಒಂದು ಸಂದರ್ಭ" ಎಂಬ ಪ್ರಶ್ನೆಗೆ ಉತ್ತರವಾಗಿ ಇಡಬಹುದು: ಎರಡನೆಯ ವಾರದಲ್ಲಿಯೇ ನನಗೆ ಗೊತ್ತಾಗಿತ್ತು, ಮನಸ್ತಾಪವಾದೀತೆಂದು ಕೇಳಲಿಲ್ಲ, ಕೊನೆಗೆ ಅವನ ಭಾಗವನ್ನು ಅವಸರದಲ್ಲಿ ಮಾಡಿದ್ದರಿಂದ ವೈವಾದಲ್ಲಿ ಅದರ ಬಗ್ಗೆ ಕೇಳಿದ ಪ್ರಶ್ನೆಗೆ ಇಬ್ಬರೂ ಉತ್ತರಿಸಲಾರದೆ ಹೋದೆವು, ಅದಾದ ಮೇಲಿನ ಸೆಮಿನಾರಿನಲ್ಲಿ ಮೊದಲ ವಾರವೇ ಯಾರ ಭಾಗ ಯಾವುದು, ಯಾವ ದಿನಕ್ಕೆ ಎಂದು ಬರೆದುಕೊಂಡೆವು. ಸೋಲಿನ ಪ್ರಶ್ನೆಗೆ "ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟವೇ ನನ್ನ ದೋಷ" ಎಂಬ ಸಿದ್ಧ ಉತ್ತರವನ್ನು ಕಲಿಸುವವರುಂಟು. ಅದನ್ನು ಸಂದರ್ಶಕರು ದಿನಕ್ಕೆ ಅನೇಕ ಬಾರಿ ಕೇಳಿರುತ್ತಾರೆ. ತನ್ನ ಪಾಲಿನ ತಪ್ಪು, ಅದರಿಂದಾದ ನಷ್ಟ, ಆಮೇಲೆ ಬದಲಾದ ಒಂದು ನಿರ್ದಿಷ್ಟ ಅಭ್ಯಾಸ, ಈ ಮೂರೂ ಇರುವ ಸಾಧಾರಣ ಘಟನೆ ಅದಕ್ಕಿಂತ ಎಷ್ಟೋ ಮೇಲು.

ಇಂತಹ ಘಟನೆಗಳು ಎಷ್ಟು ಬೇಕು? ಐದಾರು ಸಾಕು. ಒಂದು ಪ್ರಾಜೆಕ್ಟನ್ನು ಮೇಲೆ ಹೇಳಿದಂತೆ ದಾಖಲೆಗಳೊಡನೆ ಜಾಲಾಡಿದರೆ ಅದರಲ್ಲಿಯೇ ಎರಡೋ ಮೂರೋ ಸಿಕ್ಕುತ್ತವೆ; ಒಂದೆರಡನ್ನು ಪ್ರಾಜೆಕ್ಟಿನ ಹೊರಗಿನಿಂದ ತರುವುದು ಒಳ್ಳೆಯದು, ಏಕೆಂದರೆ ಎಲ್ಲ ಉತ್ತರಗಳೂ ಒಂದೇ ಕೆಲಸದಿಂದ ಬಂದರೆ ಸಂದರ್ಶಕರಿಗೆ ಮನುಷ್ಯನ ಒಂದೇ ಮಗ್ಗುಲು ಕಾಣುತ್ತದೆ. ಏಳು ದಿನದ ಎನ್.ಎಸ್.ಎಸ್. ಶಿಬಿರದಲ್ಲಿ ಅಡಿಗೆಯ ಸಾಮಾನಿನ ಲೆಕ್ಕ ಇಟ್ಟವನಿಗೆ, ಮೂರನೆಯ ದಿನವೇ ಅಕ್ಕಿ ಸಾಲದೆಂದು ಕಂಡು ಮಾಡಿದ ಏರ್ಪಾಡು ಒಂದು ಉತ್ತಮ ಘಟನೆ. ಒಂದೊಂದು ಘಟನೆಯ ಪಕ್ಕದಲ್ಲಿಯೂ ಅದು ಯಾವ ಯಾವ ಪ್ರಶ್ನೆಗೆ ಹೊಂದುತ್ತದೆಂದು ಬರೆದುಕೊಂಡಿದ್ದರೆ, ಪ್ರಶ್ನೆಯ ಮಾತು ಬದಲಾದರೂ ತಡಕಾಡಬೇಕಾಗುವುದಿಲ್ಲ. ಸೆನ್ಸರಿನ ಘಟನೆ ಭಿನ್ನಾಭಿಪ್ರಾಯಕ್ಕೂ ಆಗುತ್ತದೆ, ಸಮಸ್ಯೆಯ ಮೂಲವನ್ನು ಹುಡುಕಿದ್ದಕ್ಕೂ ಆಗುತ್ತದೆ. ಒಂದೇ ಸಂದರ್ಶನದಲ್ಲಿ ಮಾತ್ರ ಅದನ್ನು ಎರಡು ಬಾರಿ ಬಳಸಬಾರದು.

ಹಣ ಕೊಟ್ಟು ಮಾಡಿಸಿಕೊಂಡ ಪ್ರಾಜೆಕ್ಟುಗಳೂ ನಮ್ಮಲ್ಲಿ ಉಂಟೆಂಬುದನ್ನು ಬಚ್ಚಿಡುವುದರಿಂದ ಪ್ರಯೋಜನವಿಲ್ಲ. ಅಂತಹ ಕೆಲಸದಿಂದ ಘಟನೆಯನ್ನು ಎತ್ತಲು ಹೋಗುವವನು ಮೊದಲ ಮರುಪ್ರಶ್ನೆಯಲ್ಲಿಯೇ ಸಿಕ್ಕಿಬೀಳುತ್ತಾನೆ. ಅವನು ಅದನ್ನು ಬಿಟ್ಟು, ತಾನು ನಿಜವಾಗಿ ಕೈಯಿಟ್ಟು ಮಾಡಿದ ಚಿಕ್ಕ ಕೆಲಸಗಳಿಗೆ, ಒಂದು ಲ್ಯಾಬ್ ಪ್ರಯೋಗಕ್ಕೆ, ಒಂದು ಸೆಮಿನಾರಿಗೆ, ಕಾಲೇಜಿನ ಉತ್ಸವದಲ್ಲಿ ತನಗೆ ಒಪ್ಪಿಸಿದ ಒಂದು ಕೌಂಟರಿಗೆ ಹೋಗಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನಾನು ವಿಶೇಷವಾಗಿ ಹೇಳಬಯಸುವ ಮಾತೊಂದಿದೆ. ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದೆಂದು ಅವರು ಘಟನೆಯನ್ನು ಮೊದಲಿನಿಂದಲೇ ಇಂಗ್ಲಿಷಿನಲ್ಲಿ ಬರೆಯತೊಡಗುತ್ತಾರೆ. ಆಗ ಆ ಭಾಷೆಯಲ್ಲಿ ಸುಲಭವಾಗಿ ಕೈಗೆ ಬರುವ ವಾಕ್ಯಗಳೇ ಬರುತ್ತವೆ, ನಡೆದದ್ದು ಬರುವುದಿಲ್ಲ. ಲ್ಯಾಬಿನಲ್ಲಿ ವಾದ ನಡೆದದ್ದು ಕನ್ನಡದಲ್ಲಿ, ಸಂದೇಶಗಳು ಹೋದದ್ದು ಕನ್ನಡದಲ್ಲಿ. ಆದ್ದರಿಂದ ಮೊದಲು ಕನ್ನಡದಲ್ಲಿಯೇ, ಆಡಿದ ಮಾತುಗಳೊಡನೆ, ನಡೆದದ್ದನ್ನೆಲ್ಲ ಬರೆಯಬೇಕು. ಆಮೇಲೆ ಅದರಿಂದ ಹತ್ತು ಹನ್ನೆರಡು ಪದಗಳ ಒಂದು ಚೀಟಿ ಮಾಡಿಕೊಂಡು (ಕುಂಡ, ಎರಡು ವಾರ, 500, ಸವೆದ ಕಾಲು, ಐದು ದಿನ, ತೋಟದಲ್ಲಿ ನೋಡಿಲ್ಲ ಎಂಬಂತೆ), ಆ ಚೀಟಿಯನ್ನು ಮಾತ್ರ ಮುಂದಿಟ್ಟುಕೊಂಡು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಬೇಕು. ಪ್ರತಿಸಲವೂ ವಾಕ್ಯಗಳು ಬೇರೆಯಾಗುತ್ತವೆ, ಆಗಲಿ. ಬಾಯಿಪಾಠದ ವಾಕ್ಯ ನಡುವೆ ತುಂಡಾದರೆ ಮುಂದಿನದು ನೆನಪಾಗುವುದಿಲ್ಲ, ಘಟನೆಯನ್ನು ಹಿಡಿದು ಹೇಳುವವನಿಗೆ ಆ ಭಯವಿಲ್ಲ. ಎದುರಿಗೆ ಒಬ್ಬ ಗೆಳೆಯ ಕುಳಿತು ಮಧ್ಯೆ ಮಧ್ಯೆ ತಡೆದು, "ಆಮೇಲೆ ನೀನು ಏನು ಮಾಡಿದೆ?" ಎಂದು ಕೇಳುತ್ತಿರಬೇಕು. ಬೇರೆ ಗುಂಪಿನವನಾದರೆ ಒಳ್ಳೆಯದು. ತನ್ನ ಗುಂಪಿನವನಿಗೆ ಎಲ್ಲವೂ ಮೊದಲೇ ಗೊತ್ತಿರುವುದರಿಂದ, ಹೇಳದೆ ಬಿಟ್ಟದ್ದು ಅವನ ಕಿವಿಗೆ ಬೀಳುವುದಿಲ್ಲ.

ಇಷ್ಟಾದರೂ ಕಾಲೇಜಿನ ಅನುಭವದಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳು ಕೆಲವು ಬರುತ್ತವೆ. "ಕೋಪಗೊಂಡ ಗ್ರಾಹಕನನ್ನು ನೀವು ಸಮಾಧಾನಪಡಿಸಿದ ಸಂದರ್ಭ" ಎಂದು ಕೇಳಿದರೆ, ಗ್ರಾಹಕನನ್ನೇ ಕಾಣದ ವಿದ್ಯಾರ್ಥಿ ಒಂದನ್ನು ಹುಟ್ಟಿಸಬಾರದು. ಗ್ರಾಹಕರೊಡನೆ ವ್ಯವಹರಿಸಿದ ಅನುಭವ ತನಗಿಲ್ಲವೆಂದು ಒಂದು ವಾಕ್ಯದಲ್ಲಿ ಹೇಳಿ, ಅದಕ್ಕೆ ಅತ್ಯಂತ ಸಮೀಪವಾದದ್ದನ್ನು ಹೇಳಲೇ ಎಂದು ಅನುಮತಿ ಕೇಳಬಹುದು: ಉತ್ಸವದ ನೋಂದಣಿ ಕೌಂಟರಿನಲ್ಲಿ ಹೆಸರು ಬಿಟ್ಟುಹೋದ ಬೇರೆ ಕಾಲೇಜಿನ ತಂಡ ಗದ್ದಲ ಮಾಡಿದಾಗ ತಾನು ನಿಂತು ನಡೆಸಿದ ಮಾತುಕತೆಯಂತಹದು. ಸಮೀಪದ್ದೂ ಇಲ್ಲವಾದರೆ, ಅದನ್ನೂ ಹೇಳಿಬಿಡಬೇಕು. ಆಗ ಹಲವು ಸಂದರ್ಶಕರು ಪ್ರಶ್ನೆಯನ್ನು, ಏನು ಮಾಡಿದಿರಿ ಎಂಬುದರಿಂದ ಏನು ಮಾಡುತ್ತೀರಿ ಎಂಬುದಕ್ಕೆ ತಿರುಗಿಸುತ್ತಾರೆ. ಕಲ್ಪಿತ ಸನ್ನಿವೇಶವನ್ನು ಮುಂದಿಟ್ಟು ಕೇಳುವ ಈ ಕ್ರಮವನ್ನು ಗ್ಯಾರಿ ಲೇಥಮ್ ಮತ್ತು ಅವರ ಸಹೋದ್ಯೋಗಿಗಳು 1980ರಲ್ಲಿ ಪ್ರತ್ಯೇಕವಾದ ಒಂದು ಸಂದರ್ಶನ ವಿಧಾನವಾಗಿಯೇ ನಿರೂಪಿಸಿದ್ದಾರೆ. ಹಿಂದಿನ ಅನುಭವವನ್ನು ಬೇಡದ ವಿಧಾನವಾದ್ದರಿಂದ ಹೊಸಬರಿಗೆ ಇದರಲ್ಲಿ ಅನನುಕೂಲ ಕಡಮೆ. ಅಲ್ಲಿ ಉತ್ತರಿಸುವಾಗಲೂ, ಮೊದಲು ಯಾರನ್ನು ಏನು ಕೇಳುತ್ತೇನೆ, ಯಾವ ಸಂಗತಿಯನ್ನು ಪರಿಶೀಲಿಸುತ್ತೇನೆ, ನನ್ನ ಅಧಿಕಾರಕ್ಕೆ ಮೀರಿದ್ದನ್ನು ಯಾರಿಗೆ ತಿಳಿಸುತ್ತೇನೆ ಎಂದು ಕೆಲಸಗಳನ್ನು ಕ್ರಮವಾಗಿ ಹೇಳಬೇಕು. ಹಾಗೆ ಹೇಳುತ್ತಿರುವಾಗ ಗುಂಪಿನಲ್ಲಿ ತಾನು ಹಿಂದೆ ಮಾಡಿದ ಯಾವುದೋ ಒಂದು ನೆನಪಿಗೆ ಬಂದರೆ, ಅದನ್ನು ಅಲ್ಲಿಯೇ ಸೇರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.